ಫೆಬ್ರವರಿಯದ್ದೊಂದು, ಮೇ ತಿಂಗಳದ್ದೊಂದು

ಸುಳ್ಯದ ಕಡೆಯ ಭಾವನ ಮನೆಯ ಜಗಲಿಯಲ್ಲಿ ಎರಡು ಸ್ಟೀಲ್ ಲೋಟ ಇಟ್ಟಿದ್ದರು. ಎರಡರಲ್ಲೂ ತಳ ಮುಚ್ಚುವಷ್ಟು ಜೇನುತುಪ್ಪ. ಒಂದು ಫೆಬ್ರವರಿಯಲ್ಲಿ ತೆಗೆದದ್ದು, ಇನ್ನೊಂದು ಮೇ ತಿಂಗಳಿನದ್ದು. ಪೆಟ್ಟಿಗೆಗಳು ಅವೇ, ನೊಣಗಳೂ ಅದೇ ತುಡುವೆ ಜಾತಿಯವು, ಇಟ್ಟ ಜಾಗವೂ ತೋಟದ ಅದೇ ಬದಿ. ಆದರೆ ಎರಡನ್ನೂ ಬೆಳಕಿಗೆ ಹಿಡಿದರೆ ಒಂದೇ ಮನೆಯ ಮಕ್ಕಳು ಅನ್ನಿಸುವುದಿಲ್ಲ.

ಫೆಬ್ರವರಿಯದ್ದು ತಿಳಿ ಹಳದಿ. ಚಮಚದಿಂದ ಜಾರುವಾಗ ಅವಸರ ಮಾಡುತ್ತದೆ. ನಾಲಗೆಗೆ ಇಟ್ಟ ಕೂಡಲೇ ಸಿಹಿ, ಪೂರ್ತಿ ಸಿಹಿ, ಆಮೇಲೆ ಏನೂ ಇಲ್ಲ. ಹೂವಿನ ವಾಸನೆ ಹುಡುಕಿದರೆ ಸಿಗುವುದಿಲ್ಲ. ಎಳೆ ಕಬ್ಬನ್ನು ಜಗಿದಾಗ ಬರುವ ಹಸಿರು ಸಿಹಿಯ ನೆನಪು ಮಾತ್ರ ಒಂದು ಕ್ಷಣ ಬಂದು ಹೋಗುತ್ತದೆ. ದೋಸೆಗೆ ಹೇಳಿ ಮಾಡಿಸಿದ ತುಪ್ಪ ಅದು. ದೋಸೆಯ ಹುಳಿಯ ಜೊತೆ ಜಗಳಕ್ಕೆ ಹೋಗುವುದಿಲ್ಲ.

ಮೇ ತಿಂಗಳದ್ದು ಹಾಲು ಹಾಕದ ಚಹಾದ ಬಣ್ಣ. ಬಾಯಿಗಿಟ್ಟರೆ ಮೊದಲು ವಾಸನೆ, ಸಿಹಿ ಸ್ವಲ್ಪ ತಡವಾಗಿ. ಆ ಸಿಹಿ ಮುಗಿಯುತ್ತ ಬಂದಾಗ ಗಂಟಲ ಹತ್ತಿರ ಸಣ್ಣದೊಂದು ಕಹಿ, ಅದರ ಹಿಂದೆ ನೇರಳೆ ಹಣ್ಣು ತಿಂದ ಮೇಲೆ ಉಳಿಯುವಂಥ ಒಗರು. ನೀರು ಕುಡಿದರೂ ಐದು ನಿಮಿಷ ಹೋಗುವುದಿಲ್ಲ. ಇದನ್ನು ಯಾವುದಕ್ಕೂ ಬೆರೆಸಬಾರದು. ಬೆರಳಲ್ಲಿ ತೆಗೆದುಕೊಂಡು ಸುಮ್ಮನೆ ಕೂರಬೇಕು.

ಹೀಗೆ ನಾನು ಕೂತಿರುವಾಗಲೇ ಭಾವನ ಮಗ ಮೊಬೈಲ್ ಹಿಡಿದುಕೊಂಡು ಬಂದ. ಈ ವರ್ಷ ತುಪ್ಪವನ್ನು ವ್ಯಾಪಾರಿಗೆ ಕೊಡದೆ ನೇರವಾಗಿ ಬೆಂಗಳೂರು, ಮಂಗಳೂರಿನ ಗಿರಾಕಿಗಳಿಗೆ ಕಳಿಸುವುದು ಅಂತ ಅಪ್ಪ ಮಗ ತೀರ್ಮಾನ ಮಾಡಿದ್ದರು. ಬಾಟಲಿಯ ಚೀಟಿಯ ಮೇಲೆ ಹಾಕಲು ಅವನು ನಾಲ್ಕು ಸಾಲು ಬರೆದಿದ್ದ. ‘ಮಾವ, ನೀವು ಬರೆಯುವವರಲ್ವಾ, ಒಮ್ಮೆ ನೋಡಿ’ ಅಂದ.

‘ಪಶ್ಚಿಮ ಘಟ್ಟದ ದಟ್ಟ ಕಾಡಿನ 100% ಶುದ್ಧ, ಸಾವಯವ ಕಾಡುಜೇನು. ಹೂವಿನ ಮಕರಂದದ ಅಮೃತ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ. ಶೀತ, ಕೆಮ್ಮು, ಕಫ ನಿವಾರಕ. ತೂಕ ಇಳಿಸಲು ಸಹಕಾರಿ. ಮಧುಮೇಹಿಗಳೂ ನಿಶ್ಚಿಂತೆಯಿಂದ ಸೇವಿಸಬಹುದು.’

ಓದಿ ಮುಗಿಸಿ ನಾನು ಕೇಳಿದ್ದು ಒಂದೇ: ‘ಇದು ಯಾವ ಲೋಟದ್ದು?’

ಅವನು ಎರಡೂ ಲೋಟ ನೋಡಿದ. ‘ಎರಡಕ್ಕೂ ಆಗ್ತದೆ.’

ಅಲ್ಲೇ ಇದ್ದದ್ದು ತೊಂದರೆ. ಎರಡಕ್ಕೂ ಆಗುತ್ತದೆ, ಪಕ್ಕದ ಮನೆಯವರ ತುಪ್ಪಕ್ಕೂ ಆಗುತ್ತದೆ, ಸಕ್ಕರೆ ಪಾಕ ತುಂಬಿಸಿದ ಬಾಟಲಿಗೂ ಆಗುತ್ತದೆ. ಕಲಬೆರಕೆ ಮಾಡುವವನಿಗೆ ಈ ನಾಲ್ಕು ಸಾಲು ಬರೆಯಲು ಯಾವ ಅಡ್ಡಿಯೂ ಇಲ್ಲ. ಅವನಿಗೆ ಬರೆಯಲು ಆಗದಂಥದ್ದು ಏನಿದೆ ಅಂತ ಹುಡುಕುವುದೇ ಆ ದಿನದ ಕೆಲಸ ಆಯಿತು. ನಾವು ಮಾಡಿಕೊಂಡ ಕಟ್ಟಳೆ ಇಷ್ಟು: ಓದಿದವರು ‘ನಿಮಗೆ ಹೇಗೆ ಗೊತ್ತು?’ ಅಂತ ಕೇಳಿದರೆ, ಎದ್ದುಹೋಗಿ ತೋಟದಲ್ಲೋ ಪುಸ್ತಕದಲ್ಲೋ ತೋರಿಸಲು ಆಗಬೇಕು. ತೋರಿಸಲಾಗದ ಸಾಲು ಚೀಟಿಯಲ್ಲಿ ಇರಬಾರದು.

ಮೊದಲು ಬಿದ್ದದ್ದು ‘ಕಾಡುಜೇನು’. ಕಾಡಿನ ಎತ್ತರದ ಮರಕ್ಕೆ ದೊಡ್ಡ ಎರಿ ಕಟ್ಟುವ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಭಾವನದ್ದು ಅಡಿಕೆ ತೋಟದ ಬದಿಯಲ್ಲಿ ಕಲ್ಲುಕಂಬದ ಮೇಲೆ ಇಟ್ಟ ಪೆಟ್ಟಿಗೆಗಳು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪೆಟ್ಟಿಗೆಯಲ್ಲಿ ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಮೇಲಿನ ಕೋಣೆಯ ಎರಿಗಳನ್ನು ಮಾತ್ರ ಯಂತ್ರದಲ್ಲಿ ತಿರುಗಿಸಿ ತೆಗೆಯುವುದರಿಂದ ಮೊಟ್ಟೆ ಮರಿ ಹಿಂಡಿದ ರಸ ಅದಕ್ಕೆ ಸೇರುವುದಿಲ್ಲ, ಎರಿಯೂ ಮುರಿಯುವುದಿಲ್ಲ. ‘ತೋಟದ ಪೆಟ್ಟಿಗೆಯ ತುಡುವೆ ಜೇನು’ ಅಂತಲೇ ಬರೆಯುವುದು ಅಂದಾಯಿತು.

‘ಸಾವಯವ’ ಹೋಗುವಾಗ ಭಾವನಿಗೆ ಸ್ವಲ್ಪ ಬೇಸರವಾಯಿತು. ಅವರು ತಮ್ಮ ತೋಟಕ್ಕೆ ವಿಷ ಹೊಡೆಯುವವರಲ್ಲ, ನಿಜ. ಆದರೆ ತುಡುವೆ ನೊಣ ಕಿಲೋಮೀಟರ್‌ಗಟ್ಟಲೆ ಅಲ್ಲದಿದ್ದರೂ ಒಂದು ಕಿಲೋಮೀಟರ್ ಆಚೀಚೆ ಹಾರುತ್ತದೆ. ಅದಕ್ಕೆ ಬೇಲಿ ಗೊತ್ತಿಲ್ಲ. ತೋಡಿನ ಆಚೆಯವರು ಗೇರು ಮರಕ್ಕೆ ಏನು ಹೊಡೆದರು ಅನ್ನುವುದಕ್ಕೆ ಭಾವ ಹೇಗೆ ಜವಾಬು ಹೇಳುತ್ತಾರೆ? ‘ನಮ್ಮ ತೋಟಕ್ಕೆ ಕೀಟನಾಶಕ ಹೊಡೆಯುವುದಿಲ್ಲ’ ಅಂದರೆ ಅದು ತೋರಿಸಬಹುದಾದ ಮಾತು. ಅಷ್ಟಕ್ಕೇ ನಿಲ್ಲಿಸಿದೆವು.

‘ಶುದ್ಧ’ದ ವಿಷಯ ಬೇರೆ. ಬೇರೇನೂ ಬೆರೆಸದ ಒಂದೇ ಪದಾರ್ಥಕ್ಕೆ ಆ ಶಬ್ದ ಬಳಸಲು ಕಾನೂನಿನ ಅಡ್ಡಿ ಇಲ್ಲ. ನಾನು ಅದನ್ನು ತೆಗೆಸಿದ್ದು ರುಚಿಯ ಕಾರಣಕ್ಕೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಮಾರುಕಟ್ಟೆಯ ಜೇನಿನಲ್ಲಿ ಸಕ್ಕರೆ ಪಾಕದ ಕಲಬೆರಕೆ ಇದೆ ಅಂತ ವರದಿ ಬಿಟ್ಟಿತಲ್ಲ, ಅಂದಿನಿಂದ ಆ ಶಬ್ದ ನೋಡಿದರೆ ಓದುವವನ ಹುಬ್ಬು ಮೇಲೇರುತ್ತದೆ. ಸವೆದ ನಾಣ್ಯ ಅದು, ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡುತ್ತಾನೆ.

ನನಗೆ ಅತ್ಯಂತ ಖುಷಿ ಕೊಟ್ಟದ್ದು ‘ಹೂವಿನ ಮಕರಂದದ ಅಮೃತ’ ಬಿದ್ದುಹೋದ ರೀತಿ. ಫೆಬ್ರವರಿಯ ತುಪ್ಪದ ಹೆಚ್ಚಿನ ಪಾಲು ಹೂವಿನದ್ದೇ ಅಲ್ಲ! ಸುಳ್ಯ, ಪುತ್ತೂರು ಕಡೆ ಗುಡ್ಡಗುಡ್ಡವೇ ರಬ್ಬರ್. ಡಿಸೆಂಬರ್ ಜನವರಿಯಲ್ಲಿ ಎಲೆ ಉದುರಿ ಬೋಳಾಗುವ ಮರ ಆಮೇಲೆ ತಾಮ್ರದ ಬಣ್ಣದಲ್ಲಿ ಚಿಗುರುತ್ತದೆ. ರಬ್ಬರಿನದ್ದು ಮೂರು ಮೂರು ಎಲೆಯ ಗೊಂಚಲು. ಆ ಮೂರೂ ತೊಟ್ಟಿಗೆ ಸೇರುವ ಸಂದಿಯಲ್ಲಿ ಸಣ್ಣ ಗ್ರಂಥಿಗಳಿರುತ್ತವೆ. ಚಿಗುರು ಬಲಿಯುವ ಹೊತ್ತಿಗೆ ಅಲ್ಲಿಂದ ಸಿಹಿ ರಸ ಒಸರುತ್ತದೆ. ಭಾವ ತಗ್ಗಿನ ಒಂದು ಕೊಂಬೆ ಬಗ್ಗಿಸಿ ತೋರಿಸಿದ್ದರು. ಬೆಳಗ್ಗೆ ಎಂಟರ ಹೊತ್ತಿಗೆ ಆ ಸಂದಿಯಲ್ಲಿ ಸೂಜಿಮೊನೆಯಷ್ಟು ಹನಿ, ಬೆರಳಿಗೆ ಅಂಟು, ನಾಲಗೆಗೆ ಸಿಹಿ. ನೊಣ ಕೂತದ್ದು ಎಲೆಯ ಬುಡದಲ್ಲಿ, ಹೂವಿನ ಕಡೆ ತಿರುಗಿ ಕೂಡ ನೋಡಿರಲಿಲ್ಲ. ಫೆಬ್ರವರಿಯ ಲೋಟದಲ್ಲಿ ಹೂವಿನ ವಾಸನೆ ಯಾಕೆ ಸಿಗಲಿಲ್ಲ ಅಂತ ಆಗ ಗೊತ್ತಾಯಿತು.

ಮಾರುವವರು ಇದನ್ನು ಮುಚ್ಚಿಡುವುದುಂಟು. ‘ರಬ್ಬರ್ ಅಂದರೆ ಯಾರು ತಿಂತಾರೆ ಭಾವ? ಟಯರ್ ನೆನಪಾಗ್ತದೆ’ ಅಂದರು ಭಾವ. ನನಗೆ ಅದು ಉಲ್ಟಾ ಕಂಡಿತು. ಎಲೆಯ ತೊಟ್ಟಿನಲ್ಲಿ ಹನಿಯುವ ಸಿಹಿಯನ್ನು ನೊಣ ಹೆಕ್ಕಿ ತಂದದ್ದು ಅಂದರೆ ಯಾರು ತಾನೇ ಒಮ್ಮೆ ರುಚಿ ನೋಡದೆ ಇರುತ್ತಾರೆ? ರಬ್ಬರ್ ಹಾಲಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ‘ರಬ್ಬರ್ ಚಿಗುರಿನ ಜೇನು’ ಅಂತ ಹೆಸರಿಟ್ಟೆವು.

ಮೇ ತಿಂಗಳದ್ದಕ್ಕೆ ಹೆಸರಿಡುವುದು ಸುಲಭ ಅಂದುಕೊಂಡಿದ್ದೆ. ನೇರಳೆಯ ಒಗರು ನಾಲಗೆಯಲ್ಲೇ ಇತ್ತಲ್ಲ. ಆದರೆ ಕಟ್ಟಳೆ ಅಡ್ಡ ಬಂತು: ಹೇಗೆ ಗೊತ್ತು? ಏಪ್ರಿಲ್‌ನಲ್ಲಿ ತೋಡಿನ ಅಂಚಿನ ನೇರಳೆ ಮರಗಳು ಹೂ ಬಿಟ್ಟದ್ದು, ಇಡೀ ಮರ ಗುಂಯ್‌ಗುಟ್ಟಿದ್ದು ಭಾವ ಕಂಡಿದ್ದಾರೆ. ಆದರೆ ಅದೇ ತಿಂಗಳು ಗುಡ್ಡದಲ್ಲಿ ಇನ್ನೂ ಹತ್ತು ಜಾತಿಯ ಮರ ಹೂ ಬಿಟ್ಟಿರುತ್ತವೆ. ತುಪ್ಪದಲ್ಲಿ ಯಾವ ಹೂವಿನದು ಎಷ್ಟು ಅಂತ ಹೇಳಬೇಕಾದರೆ ಅದರಲ್ಲಿನ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವವರು ಬೇಕು. ಅದಿಲ್ಲದೆ ‘ನೇರಳೆ ಜೇನು’ ಅನ್ನುವ ಹಾಗಿಲ್ಲ. ‘ನೇರಳೆ ಹೂ ಬಿಡುವ ಕಾಲದಲ್ಲಿ ತೆಗೆದದ್ದು, ಕೊನೆಗೆ ಸ್ವಲ್ಪ ಒಗರು’ ಅನ್ನಬಹುದು. ಮೊದಲಿನದು ಕಂಡದ್ದು, ಎರಡನೆಯದು ನಾಲಗೆಗೆ ಸಿಕ್ಕಿದ್ದು. ನಡುವಿನ ಸಂಬಂಧವನ್ನು ಓದುವವರೇ ಕಟ್ಟಿಕೊಳ್ಳಲಿ. ಬರೆದಾದ ಮೇಲೆ ನೋಡಿದರೆ ಈ ಸಾಲೇ ‘ನೇರಳೆ ಜೇನು’ ಅನ್ನುವುದಕ್ಕಿಂತ ಬಾಯಲ್ಲಿ ನೀರೂರಿಸುತ್ತಿತ್ತು.

ಈಗ ಆರೋಗ್ಯದ ಸಾಲುಗಳು. ಮಧುಮೇಹದ್ದು ಮೊದಲು ಹೋಗಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಜೇನಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸಕ್ಕರೆಯ ಅಂಶವೇ. ಫ್ರಕ್ಟೋಸ್, ಗ್ಲೂಕೋಸ್ ಅಂತ ಹೆಸರು ಬೇರೆ ಇರಬಹುದು, ರಕ್ತಕ್ಕೆ ಹೋದರೆ ಲೆಕ್ಕ ಲೆಕ್ಕವೇ. ಚೀಟಿ ನಂಬಿ ದಿನಾ ಎರಡು ಚಮಚ ತಿನ್ನುವ ಯಾರದೋ ಅಜ್ಜಿಯನ್ನು ನೆನೆಸಿಕೊಂಡರೆ ಸಾಕು. ಮಧುಮೇಹ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ತಡೆದಿದೆ. ಆಹಾರ ಪದಾರ್ಥ ಯಾವುದೇ ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಅನ್ನುವ ಹಾಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೂ ಇದೆ. ‘ರೋಗನಿರೋಧಕ ಶಕ್ತಿ’ಯನ್ನು ತೋಟದಲ್ಲಿ ಎಲ್ಲಿ ಅಂತ ತೋರಿಸುವುದು? ‘ತೂಕ ಇಳಿಸುತ್ತದೆ’ ಅನ್ನುವುದು, ಸಕ್ಕರೆ ತಿಂದು ಸಪೂರ ಆಗಿ ಅಂದ ಹಾಗೆ.

ಕೆಮ್ಮಿನಲ್ಲಿ ಮಾತ್ರ ಹುಡುಗ ಹಟ ಹಿಡಿದ. ‘ಅಜ್ಜಿ ಶುಂಠಿ ರಸಕ್ಕೆ ಜೇನು ಹಾಕಿ ಕೊಟ್ಟರೆ ಕೆಮ್ಮು ಕಡಿಮೆ ಆಗ್ತದೆ ಅಲ್ವಾ ಮಾವ? ಅದು ಸುಳ್ಳಾ?’ ಸುಳ್ಳಲ್ಲ. ಮಕ್ಕಳ ಕೆಮ್ಮಿನ ಉಪಟಳ ಜೇನಿನಿಂದ ಸ್ವಲ್ಪ ತಗ್ಗಬಹುದು ಅನ್ನುವುದಕ್ಕೆ ವೈದ್ಯಕೀಯ ಪರೀಕ್ಷೆಗಳ ಆಧಾರವೂ ಒಂದಿಷ್ಟು ಇದೆ. ಆದರೆ ಆ ಪರೀಕ್ಷೆ ನಡೆದದ್ದು ಬೇರೆ ಯಾವುದೋ ಜೇನಿನ ಮೇಲೆ, ಭಾವನ ರಬ್ಬರ್ ಚಿಗುರಿನದ್ದನ್ನು ಯಾರೂ ಪರೀಕ್ಷಿಸಿಲ್ಲ. ‘ತಗ್ಗಬಹುದು’ ಅನ್ನುವುದಕ್ಕೂ ‘ನಿವಾರಕ’ ಅನ್ನುವುದಕ್ಕೂ ಬಹಳ ದೂರ. ಅಜ್ಜಿ ಕೊಡುವುದು ಮೊಮ್ಮಗನ ಮುಖ ನೋಡಿ, ಬಾಟಲಿ ಯಾರ ಮುಖವನ್ನೂ ನೋಡುವುದಿಲ್ಲ. ಅಜ್ಜಿಯ ಕೆಲಸ ಅಜ್ಜಿಗೇ ಇರಲಿ ಅಂದೆ. ಒಪ್ಪಿದ, ಅರೆಮನಸ್ಸಿನಿಂದ.

ಆರೋಗ್ಯದ ಬಗ್ಗೆ ಬರೆಯಲೇಬೇಕಾದ ಸಾಲು ಒಂದಿದೆ, ಅದು ಹೊಗಳಿಕೆಯದಲ್ಲ: ‘ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ.’ ಜೇನಿನಲ್ಲಿ ಕೆಲವೊಮ್ಮೆ ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಳೆಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡಬಲ್ಲವು. ತೆಗೆದ ಜೇನು ಎಷ್ಟೇ ಒಳ್ಳೆಯದಿದ್ದರೂ ಈ ಮಾತು ತಪ್ಪುವುದಿಲ್ಲ. ಹುಟ್ಟಿದ ಮಗುವಿನ ನಾಲಗೆಗೆ ಜೇನು ತುಪ್ಪ ಮುಟ್ಟಿಸುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಹಾಗಾಗಿ ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಲು ಹೇಳಿದೆ. ಅಕ್ಕನಿಗೆ ಮೊದಲು ಇದು ಅಪಶಕುನದ ಹಾಗೆ ಕಂಡಿತು. ಆಮೇಲೆ ‘ಹಾಕಿ, ಬಾಣಂತಿ ಮನೆಗೇ ಹೆಚ್ಚು ಹೋಗುವುದು ಇದು’ ಅಂತ ಅವಳೇ ಹೇಳಿದಳು.

ನಿಜವಾಗಿ ಕಷ್ಟವಾದ ಸಾಲು ಇನ್ನೂ ಬರಬೇಕಿತ್ತು. ನಾನು ಕೇಳಿದೆ: ‘ಮಳೆಗಾಲದಲ್ಲಿ ಸಕ್ಕರೆ ಕೊಡ್ತೀರಲ್ಲ ಭಾವ?’

ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಜೇನು ಸಾಕುವವರಿಗೆ ಗೊತ್ತಿರುವ, ಗಿರಾಕಿಗೆ ಯಾರೂ ಹೇಳದ ವಿಷಯ ಇದು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆಯ ಮಳೆಯಲ್ಲಿ ನೊಣ ಹೊರಗೆ ಹೋಗಲಾರದು, ಹೋದರೂ ಹೂವಿಲ್ಲ. ಕೂಡಿಟ್ಟದ್ದನ್ನು ಮೇ ತಿಂಗಳಲ್ಲಿ ನಾವೇ ತೆಗೆದಿರುತ್ತೇವೆ. ಹಾಗೆ ಬಿಟ್ಟರೆ ಸಂಸಾರ ಹಸಿವಿನಿಂದ ಕ್ಷೀಣಿಸುತ್ತದೆ, ಇಲ್ಲವೇ ಪೆಟ್ಟಿಗೆ ಬಿಟ್ಟು ಓಡುತ್ತದೆ. ಅದಕ್ಕೆ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಪೆಟ್ಟಿಗೆಯೊಳಗೆ ಇಡುತ್ತಾರೆ. ಇದು ಕಲಬೆರಕೆಯಲ್ಲ. ಆ ಪಾಕ ಕೆಳಗಿನ ಕೋಣೆಯಲ್ಲಿ ನೊಣಗಳ ಹೊಟ್ಟೆಗೇ ಖರ್ಚಾಗುತ್ತದೆ. ತಪ್ಪು ನಡೆಯುವುದು ತುಪ್ಪದ ಕಾಲ ಬಂದ ಮೇಲೂ ಪಾಕ ಕೊಟ್ಟಾಗ. ಆಗ ನೊಣ ಅದನ್ನೇ ಮೇಲೆ ಕೊಂಡುಹೋಗಿ ತುಂಬಿಸಿ ಮೇಣ ಮುಚ್ಚುತ್ತದೆ. ನೋಡಲು ಜೇನೇ, ತೆಗೆದದ್ದು ಎರಿಯಿಂದಲೇ, ಆದರೆ ಅಂಗಡಿಯ ಸಕ್ಕರೆ.

‘ಇದನ್ನು ಬರೆದರೆ ಒಂದು ಬಾಟಲಿ ಹೋಗುವುದಿಲ್ಲ’ ಅಂದರು ಭಾವ. ‘ಬರೆಯದಿದ್ದರೆ ಒಂದು ದಿನ ಯಾರೋ ತೋಟ ನೋಡಲು ಬಂದು ಸಕ್ಕರೆ ಚೀಲ ನೋಡ್ತಾರೆ’ ಅಂದೆ. ಅವರ ಪುಸ್ತಕ ತರಿಸಿದೆ. ಹಾಲಿನ ಲೆಕ್ಕದ ಹಳೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ಸಿಲ್‌ನಲ್ಲಿ ಎಲ್ಲ ಇತ್ತು: ಯಾವ ಪೆಟ್ಟಿಗೆಗೆ ಯಾವ ದಿನ ಪಾಕ, ಕೊನೆಯ ಪಾಕ ಅಕ್ಟೋಬರ್ ಮೊದಲ ವಾರ, ಮೇಲಿನ ಕೋಣೆ ಇಟ್ಟದ್ದು ಜನವರಿಯಲ್ಲಿ. ನಡುವೆ ಮೂರು ತಿಂಗಳು. ಇದಕ್ಕಿಂತ ದೊಡ್ಡ ಆಧಾರ ಇನ್ನೇನು ಬೇಕು? ಇಡೀ ಚೀಟಿಯಲ್ಲಿ ನನಗೆ ಅತ್ಯಂತ ಇಷ್ಟದ ಸಾಲು ಆ ಪೆನ್ಸಿಲ್ ಬರಹದಿಂದ ಬಂತು.

ನೀರಿನಂಶದ ಕತೆ ಸಣ್ಣದು. ನಿಯಮದ ಪ್ರಕಾರ ಜೇನಿನಲ್ಲಿ ನೀರು ನೂರಕ್ಕೆ 20 ದಾಟಬಾರದು. ದಾಟಿದರೆ ಹುದುಗು ಏಳುತ್ತದೆ, ಹುಳಿ ವಾಸನೆ, ಮೇಲೆ ನೊರೆ, ಮುಚ್ಚಳ ತೆಗೆದರೆ ಸುಯ್ ಅನ್ನುವುದು. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಇಟ್ಟು ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ. ಫೆಬ್ರವರಿಯಲ್ಲಿ ಅವಸರಪಟ್ಟು, ಅರ್ಧ ಮಾತ್ರ ಮೇಣ ಮುಚ್ಚಿದ ಎರಿಯಿಂದ ತೆಗೆದ ಮೊದಲ ಸಲದ್ದು 23 ತೋರಿಸಿತ್ತು. ಅದು ಮನೆಯ ದೋಸೆಗೆ ಹೋಯಿತು. ಪೂರ್ತಿ ಮೇಣ ಮುಚ್ಚುವವರೆಗೆ ಕಾದು ತೆಗೆದದ್ದು 19.5. ಬಾಟಲಿಗೆ ಹೋಗುವುದು ಇದು. ಅಂಕಿ ಬರೆಯುವುದಾದರೆ ಆ ತೆಗೆತದ ಅಂಕಿಯನ್ನೇ ಬರೆಯಬೇಕು, ವರ್ಷವಿಡೀ ಒಂದೇ ಅಂಕಿ ಅಚ್ಚು ಹಾಕಿಸುವಂತಿಲ್ಲ.

ಕೊನೆಗೆ ಹರಳುಗಟ್ಟುವ ಮಾತು. ಹೋದ ವರ್ಷ ಗುರುತಿನವರೊಬ್ಬರು ಬಾಟಲಿ ವಾಪಸ್ ತಂದಿದ್ದರಂತೆ, ‘ಅಡಿಯಲ್ಲಿ ಸಕ್ಕರೆ ನಿಂತಿದೆ’ ಅಂತ. ರಬ್ಬರ್ ಚಿಗುರಿನದ್ದು ಬೇಗ ಗಟ್ಟಿಯಾಗುವ ಜಾತಿ. ಗ್ಲೂಕೋಸ್ ಮೊದಲು ಹರಳಾಗಿ ತಳಕ್ಕೆ ಕೂರುತ್ತದೆ, ದಿನ ಕಳೆದಂತೆ ಇಡೀ ಬಾಟಲಿ ರವೆಯ ಹಾಗೆ. ಇದು ಮೋಸದ ಗುರುತಲ್ಲ. ಶುದ್ಧತೆಯ ಗುರುತು ಅಂತ ಬರೆಯುವುದೂ ತಪ್ಪು, ಯಾಕೆಂದರೆ ಹರಳಾಗದ ಒಳ್ಳೆಯ ಜೇನೂ ಬೇಕಾದಷ್ಟಿದೆ. ನೀರಿಗೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಇರುವೆ ಬರುತ್ತದೋ ನೋಡುವುದು, ಇವುಗಳಿಂದಲೂ ಏನೂ ತಿಳಿಯುವುದಿಲ್ಲ. ದಪ್ಪ ಪಾಕವೂ ತಳಕ್ಕೆ ಇಳಿಯುತ್ತದೆ. ಹುಡುಗ ಇಂಥದ್ದೊಂದು ಪರೀಕ್ಷೆ ಚೀಟಿಯಲ್ಲಿ ಹಾಕಬೇಕು ಅಂತಿದ್ದ, ಬೇಡ ಅಂದೆ. ಹಾಗೇ ಹರಳನ್ನು ಬಾಯಿಗೆ ಹಾಕಿ ನೋಡಿ ಒಮ್ಮೆ: ನಾಲಗೆಯ ಮೇಲೆ ಮರಳು ಮರಳಾಗಿ ಇದ್ದು, ತಣ್ಣಗೆ ಅನ್ನಿಸಿ, ಕರಗುತ್ತದೆ. ಅದಕ್ಕೇ ಅದನ್ನು ಇಷ್ಟಪಡುವವರೂ ಇದ್ದಾರೆ.

ಸಂಜೆ ಹೊತ್ತಿಗೆ ಫೆಬ್ರವರಿಯ ಚೀಟಿ ಹೀಗೆ ನಿಂತಿತು:

‘ರಬ್ಬರ್ ಚಿಗುರಿನ ಜೇನು. ಸುಳ್ಯ ತಾಲೂಕಿನ ನಮ್ಮ ತೋಟದ ಪೆಟ್ಟಿಗೆಗಳಲ್ಲಿ ಸಾಕಿದ ತುಡುವೆ ನೊಣಗಳದ್ದು, ಫೆಬ್ರವರಿ ಕೊನೆಯ ವಾರ ತೆಗೆದದ್ದು. ರಬ್ಬರ್ ಮರ ಚಿಗುರುವಾಗ ಎಲೆಯ ತೊಟ್ಟಿನಲ್ಲಿ ಒಸರುವ ಸಿಹಿ ರಸವೇ ಇದರ ಮುಖ್ಯ ಮೂಲ. ರಬ್ಬರ್ ಹಾಲಿಗೆ ಇದರಲ್ಲಿ ಸಂಬಂಧವಿಲ್ಲ. ಬಣ್ಣ ತಿಳಿ, ಸಿಹಿ ನೇರ, ಪರಿಮಳ ಕಡಿಮೆ. ದೋಸೆ, ರೊಟ್ಟಿಗೆ ಚೆನ್ನ. ಮೇಣ ಮುಚ್ಚಿದ ಎರಿಯಿಂದ ತೆಗೆದು ಬಟ್ಟೆಯಲ್ಲಿ ಸೋಸಿದ್ದೇವೆ, ಕಾಯಿಸಿಲ್ಲ. ಈ ತೆಗೆತದಲ್ಲಿ ನೀರಿನಂಶ ನೂರಕ್ಕೆ 19.5. ಮಳೆಗಾಲದಲ್ಲಿ ನೊಣ ಬದುಕಲು ಸಕ್ಕರೆ ಪಾಕ ಕೊಡುತ್ತೇವೆ. ಅಕ್ಟೋಬರ್‌ನಲ್ಲಿ ನಿಲ್ಲಿಸಿ, ಜನವರಿಯಲ್ಲಿ ಜೇನು ಕೋಣೆ ಇಡುತ್ತೇವೆ. ದಿನ ಕಳೆದಂತೆ ಹರಳುಗಟ್ಟುತ್ತದೆ; ಹಾಗೇ ತಿನ್ನಬಹುದು, ಅಥವಾ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಬಾಟಲಿ ಇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ.’

ಹುಡುಗ ಎಣಿಸಿ ನೋಡಿ ‘ಉದ್ದ ಆಯ್ತು’ ಅಂದ. ಆಯ್ತು. ಬೆಲೆ, ವಿಳಾಸ, ತುಂಬಿಸಿದ ದಿನ, ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇನ್ನೂ ಸೇರಬೇಕು. ತೂಕವನ್ನು ಗ್ರಾಂನಲ್ಲೇ ಹಾಕು ಅಂತ ಹೇಳಿದೆ, ಅರ್ಧ ಲೀಟರ್ ಬಾಟಲಿಗೆ ಸುಮಾರು 700 ಗ್ರಾಂ ಜೇನು ಹಿಡಿಯುತ್ತದೆ, ಲೀಟರಿಗೂ ಕಿಲೋಗೂ ಗೊಂದಲ ಮಾಡಿಕೊಂಡು ಫೋನ್ ಮಾಡುವವರು ಇದ್ದೇ ಇರುತ್ತಾರೆ. ಅಕ್ಷರ ಚಿಕ್ಕದು ಮಾಡುವುದೋ ಚೀಟಿ ದೊಡ್ಡದು ಮಾಡುವುದೋ ಅಂತ ಅಪ್ಪ ಮಗ ಚರ್ಚೆಗೆ ಇಳಿದರು.

ಅಷ್ಟರಲ್ಲಿ ಅಕ್ಕ ಮೇ ತಿಂಗಳ ಲೋಟ ಎತ್ತಿಕೊಂಡು ಹೋಗಲು ಬಂದಳು. ‘ಸ್ವಲ್ಪ ತಡೆ, ಅದರದ್ದು ಇನ್ನೂ ಬರೆದಿಲ್ಲ’ ಅಂದು ಬೆರಳು ಅದ್ದಿದೆ. ಕಹಿ ಮೊದಲೋ ಒಗರು ಮೊದಲೋ ಅಂತ ಈಗ ಅನುಮಾನ ಬಂದಿತ್ತು.